ಹೊರದೇಶದ ಔಷಧದ ಚೀಟಿ: ಫೋಟೋ ಅನುವಾದಕ್ಕೆ ನಾಲ್ಕು ದಾರಿ, ಯಾವ ಭಾಗಕ್ಕೆ ಯಾವುದು?

ಹೊರದೇಶದಲ್ಲಿರುವ ಮಕ್ಕಳು ರಜೆಗೆ ಬರುವಾಗ ಅಪ್ಪ ಅಮ್ಮನಿಗೆ ಔಷಧ ತರುವುದು ಈಗ ನಮ್ಮ ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಹೊಸದೇನಲ್ಲ. ಮಂಡಿನೋವಿನ ಗುಳಿಗೆ, ಥೈರಾಯ್ಡ್ ಗುಳಿಗೆ, ಕಣ್ಣಿಗೆ ಹಾಕುವ ಹನಿ ಬರುತ್ತವೆ. ತಂದವರು ರಜೆ ಮುಗಿಸಿ ವಾಪಸ್ ಹೋಗುತ್ತಾರೆ, ಡಬ್ಬಿ ಇಲ್ಲೇ ಉಳಿಯುತ್ತದೆ. ಒಳಗಿನ ಚೀಟಿ ಬಿಚ್ಚಿದರೆ ಕೈಯುದ್ದದ ತೆಳು ಕಾಗದ, ಇರುವೆ ಸಾಲಿನಂಥ ಅಕ್ಷರ, ಒಂದು ಸಾಲೂ ಅರ್ಥವಾಗದ ಭಾಷೆ. ಆಗ ಔಷಧದ ಅಂಗಡಿಗೆ ಬಂದು ಕೇಳುತ್ತಾರೆ: "ಫೋಟೋ ಹೊಡೆದ್ರ ಕನ್ನಡ ಆಗ್ತದಂತಲ್ರಿ, ಯಾವ ಆ್ಯಪ್ ಛಲೋ?"

ಔಷಧದ ಕೌಂಟರಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಇದಕ್ಕೆ ಒಂದೇ ಆ್ಯಪಿನ ಹೆಸರು ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಚೀಟಿಯಲ್ಲಿ ನಮಗೆ ಬೇಕಾಗುವುದು ಮುಖ್ಯವಾಗಿ ಮೂರು ವಿಷಯ: ಅಡ್ಡಪರಿಣಾಮ, ಬೇರೆ ಗುಳಿಗೆಗಳ ಜೊತೆಗಿನ ತಾಕಲಾಟ, ಇಡುವ ರೀತಿ. ಅನುವಾದದಲ್ಲಿ ಈ ಮೂರೂ ಕೆಡುವ ಬಗೆ ಬೇರೆ ಬೇರೆ. ಹಾಗಾಗಿ ಮೂರಕ್ಕೂ ಒಂದೇ ದಾರಿ ಸಾಲದು.

ಶುರು ಮಾಡುವ ಮೊದಲು ಚೀಟಿಯನ್ನು ಪೂರ್ತಿ ಬಿಚ್ಚಿ, ಹಿಂದೆ ಮುಂದೆ ನೋಡಿ. ಸೌದಿ, ದುಬೈ ಕಡೆಯ ಚೀಟಿಗಳಲ್ಲಿ ಅರಬ್ಬಿಯ ಜೊತೆಗೆ ಇಂಗ್ಲಿಷ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಷ್ಟೋ ಜನ ಮೊದಲ ಮಗ್ಗುಲು ನೋಡಿಯೇ ಕೈಬಿಟ್ಟಿರುತ್ತಾರೆ. ಕಷ್ಟ ಬರುವುದು ಜರ್ಮನಿ, ಫ್ರಾನ್ಸ್, ಇಟಲಿಯಂಥ ಕಡೆಯಿಂದ ಬಂದ ಡಬ್ಬಿಗಳಲ್ಲಿ. ಇಲ್ಲಿ ನಾನು ಜರ್ಮನ್ ಚೀಟಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ.

ಯಾವುದನ್ನು ನೋಡಿ ಆರಿಸಬೇಕು

ನಾನು ಯಾವ ದಾರಿಯನ್ನೇ ತೂಗಿ ನೋಡಿದರೂ ಮೂರು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು, ಅಂಕಿಗಳೂ "ಬೇಡ", "ಕೂಡದು" ಅನ್ನುವ ಮಾತುಗಳೂ ಹಾಗೇ ಉಳಿದು ಬರುತ್ತವೆಯೇ? ಔಷಧದ ಚೀಟಿಯಲ್ಲಿ ಅಪಾಯ ಇರುವುದು ಇವೆರಡರಲ್ಲೇ. ಎರಡನೆಯದು, ಸಿಗುವ ಮಾಹಿತಿ ನಿಮ್ಮ ಕೈಯಲ್ಲಿರುವ ಇದೇ ಡಬ್ಬಿಯದೇ, ಅಥವಾ ಇದೇ ಔಷಧದ ಬೇರೆ ಕಂಪನಿಯದೇ? ಮೂರನೆಯದು, ಮನೆಯವರು ಈಗಾಗಲೇ ನುಂಗುತ್ತಿರುವ ಗುಳಿಗೆಗಳಿಗೆ ಅದು ತಳುಕು ಹಾಕಿ ಹೇಳುತ್ತದೆಯೇ? ಹಣ ಮತ್ತು ಸಮಯದ ಲೆಕ್ಕ ಆಮೇಲಿನದು. ನಾಲ್ಕರಲ್ಲಿ ಮೂರು ದಾರಿಗಳಿಗೆ ಡೇಟಾ ಬಿಟ್ಟರೆ ಹೆಚ್ಚೇನೂ ಖರ್ಚಿಲ್ಲ.

ಯುರೋಪ್ ಒಕ್ಕೂಟದ ಚೀಟಿಗಳಲ್ಲಿ ನಮಗೆ ದೊಡ್ಡ ಅನುಕೂಲ ಒಂದಿದೆ. ಭಾಷೆ ಯಾವುದೇ ಇರಲಿ, ಚೀಟಿಗೆ ಆರೇ ಭಾಗ, ಅದೇ ಕ್ರಮ, ಅದೇ ನಂಬರು. 1ರಲ್ಲಿ ಔಷಧ ಏನು, ಯಾವುದಕ್ಕೆ. 2ರಲ್ಲಿ ತೆಗೆದುಕೊಳ್ಳುವ ಮೊದಲು ತಿಳಿಯಬೇಕಾದದ್ದು. ಬೇರೆ ಔಷಧಗಳ ಜೊತೆಗಿನ ತಾಕಲಾಟವೂ ಇದರಲ್ಲೇ. 3ರಲ್ಲಿ ತೆಗೆದುಕೊಳ್ಳುವ ರೀತಿ. 4ರಲ್ಲಿ ಅಡ್ಡಪರಿಣಾಮ. 5ರಲ್ಲಿ ಇಡುವ ರೀತಿ. 6ರಲ್ಲಿ ಒಳಗಿರುವ ಪದಾರ್ಥ ಮತ್ತು ಕಂಪನಿಯ ವಿವರ. ಅಂದರೆ ಒಂದಕ್ಷರ ಜರ್ಮನ್ ಬಾರದಿದ್ದರೂ 2, 4, 5 ಎಲ್ಲಿವೆ ಎಂದು ಬೆರಳಿಟ್ಟು ತೋರಿಸಬಹುದು. ಇಡೀ ಚೀಟಿಯ ಫೋಟೋ ತೆಗೆದು ಒದ್ದಾಡುವ ಬದಲು ಈ ಮೂರಕ್ಕೆ ಸಮಯ ಕೊಡಿ.

ಮಾತು ಗಾಳಿಯಲ್ಲಿ ಆಡಬಾರದಲ್ವಾ, ಒಬ್ಬರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಸಿಂಧನೂರಿನ ಹತ್ತಿರದ ಹಳ್ಳಿಯ ಹಿರಿಯರು, ವಯಸ್ಸು 68. ಮಂಡಿನೋವು. ಜರ್ಮನಿಯಿಂದ ಬಂದ ಅಣ್ಣನ ಮಗ ಐಬುಪ್ರೊಫೆನ್ 600 ಮಿಲಿಗ್ರಾಂ ಗುಳಿಗೆಯ ಡಬ್ಬಿ ಕೊಟ್ಟು ಹೋಗಿದ್ದಾನೆ. ಹಿರಿಯರಿಗೆ ಮೊದಲಿಂದಲೂ ಬಿಪಿ ಇದೆ. ದಿನಾ ಬೆಳಿಗ್ಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಸೇರಿದ ಒಂದು ಗುಳಿಗೆ, ರಾತ್ರಿ ಆಸ್ಪಿರಿನ್ 75. ಮನೆಗೆ ತಗಡಿನ ಛಾವಣಿ, ತಿಂಗಳು ಏಪ್ರಿಲ್.

ಒಂದನೇ ದಾರಿ: ಕ್ಯಾಮೆರಾ ಹಿಡಿದರೆ ಅಲ್ಲೇ ಕನ್ನಡ

ಗೂಗಲ್ ಟ್ರಾನ್ಸ್‌ಲೇಟ್ ಅಥವಾ ಗೂಗಲ್ ಲೆನ್ಸ್ ತೆರೆದು ಚೀಟಿಯ ಮೇಲೆ ಹಿಡಿದರೆ ಜರ್ಮನ್ ಅಕ್ಷರದ ಜಾಗದಲ್ಲೇ ಕನ್ನಡ ಮೂಡುತ್ತದೆ. ಹೆಚ್ಚಿನವರಿಗೆ ಗೊತ್ತಿರುವುದು ಇದೇ. ಕ್ಷಣದ ಕೆಲಸ.

ಇದು ಚೆನ್ನಾಗಿ ಒದಗುವುದು ಚಿಕ್ಕ, ಮುಗಿದ ವಾಕ್ಯಗಳಿಗೆ. 5ನೇ ಭಾಗ ಪೂರ್ತಿ ಅಂಥ ವಾಕ್ಯಗಳದ್ದೇ. ನಮ್ಮ ಡಬ್ಬಿಯಲ್ಲಿ "Nicht über 25 °C lagern" ಎಂದಿದೆ ಅಂದುಕೊಳ್ಳಿ. 25 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬೇಡಿ ಎಂದರ್ಥ. ಕ್ಯಾಮೆರಾ ಇದನ್ನು ಸರಿಯಾಗಿಯೇ ಹೇಳುತ್ತದೆ. ಆದರೂ ಎರಡು ಗುರುತನ್ನು ನೀವೇ ಕಣ್ಣಾರೆ ನೋಡಿಕೊಳ್ಳಿ: ಮೂಲದಲ್ಲಿ nicht ಅಥವಾ keine ಇದ್ದರೆ ಕನ್ನಡದಲ್ಲಿ "ಬೇಡ", "ಇಲ್ಲ", "ಬಾರದು" ಇರಲೇಬೇಕು. ಮೂಲದ ಅಂಕಿ ಕನ್ನಡದಲ್ಲೂ ಅದೇ ಇರಬೇಕು.

ಕೆಡುವುದು 4ನೇ ಭಾಗದಲ್ಲಿ. ಅಲ್ಲಿ ವಾಕ್ಯಗಳು ಉದ್ದ. ಜರ್ಮನ್‌ನಲ್ಲಿ ಕ್ರಿಯಾಪದ ಎಷ್ಟೋ ಸಲ ನಮ್ಮ ಕನ್ನಡದ ಹಾಗೇ ವಾಕ್ಯದ ತುದಿಗೆ ಬರುತ್ತದೆ. ಕ್ಯಾಮೆರಾ ಹಿಡಿದಾಗ ಕೈ ಸ್ವಲ್ಪ ಅಲುಗಿದರೂ ವಾಕ್ಯ ಎರಡು ತುಂಡಾಗಿ, ತುಂಡು ತುಂಡಾಗಿಯೇ ಅನುವಾದವಾಗುತ್ತದೆ. ಐಬುಪ್ರೊಫೆನ್ ಚೀಟಿಯಲ್ಲಿ ಬಹಳ ಮುಖ್ಯವಾದ ಒಂದು ಎಚ್ಚರಿಕೆ ಇದೆ. ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು, ರಕ್ತ ವಾಂತಿ, ಮಲದಲ್ಲಿ ರಕ್ತ ಅಥವಾ ಮಲ ಕಪ್ಪಾಗುವುದು ಕಂಡರೆ ಗುಳಿಗೆ ನಿಲ್ಲಿಸಿ, ತಕ್ಷಣ ಡಾಕ್ಟರಿಗೆ ತಿಳಿಸಿ ಎಂದು ಅದು ಹೇಳುತ್ತದೆ. ಜರ್ಮನ್‌ನಲ್ಲಿ ಮಲಕ್ಕೂ ಕುರ್ಚಿಗೂ ಒಂದೇ ಪದ, Stuhl. ಇಡೀ ವಾಕ್ಯ ಸಿಕ್ಕರೆ ಯಂತ್ರಕ್ಕೆ ಗೊಂದಲವಿಲ್ಲ. ತುಂಡು ಸಾಲು ಮಾತ್ರ ಸಿಕ್ಕರೆ "ಕುರ್ಚಿ ಕಪ್ಪಾಗುವುದು" ಎಂದು ಬರಬಹುದು. ಓದಿದವರು ಏನೋ ತಪ್ಪಾಗಿದೆ ಎಂದು ಆ ಸಾಲನ್ನೇ ಬಿಟ್ಟುಬಿಡುತ್ತಾರೆ. ಬಿಟ್ಟುಹೋಗುವುದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಲಕ್ಷಣ. ಆಸ್ಪಿರಿನ್ ಕೂಡ ತೆಗೆದುಕೊಳ್ಳುವ ನಮ್ಮ ಹಿರಿಯರಿಗೆ ಇಡೀ ಚೀಟಿಯಲ್ಲಿ ಮೊದಲು ಗೊತ್ತಿರಬೇಕಾದ ಸಾಲು ಅದೇ.

ಇನ್ನೊಂದು ಅಪಾಯ 2ನೇ ಭಾಗದ್ದು. ಅದರಲ್ಲಿ ಚುಕ್ಕಿ ಹಾಕಿದ ಪಟ್ಟಿಗಳಿರುತ್ತವೆ. ಒಂದು ಪಟ್ಟಿಯ ತಲೆಬರಹ "ಇಂಥವರು ತೆಗೆದುಕೊಳ್ಳಲೇ ಕೂಡದು". ಕೆಳಗಿನ ಪಟ್ಟಿಯದು "ಇಂಥವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ". ಎರಡರಲ್ಲೂ ಹೊಟ್ಟೆ, ಕಿಡ್ನಿ, ಹೃದಯದ ಮಾತೇ. ತಲೆಬರಹ ಫೋಟೋದಿಂದ ಆಚೆ ಉಳಿದರೆ ಎರಡೂ ಒಂದೇ ಥರ ಕಾಣುತ್ತವೆ. ಜೀವಕ್ಕೆ ತೊಂದರೆ ಇರುವ ಮಾತು ಬರೀ ಎಚ್ಚರಿಕೆಯ ಮಾತಾಗಿಬಿಡುತ್ತದೆ. ಪಟ್ಟಿಯ ಫೋಟೋ ತೆಗೆದರೆ ಅದರ ತಲೆಬರಹವೂ ಅದೇ ಫೋಟೋದಲ್ಲಿ ಇರಲೇಬೇಕು.

ಹೀಗಾಗಿ ಈ ದಾರಿ ಇಡುವ ರೀತಿಗೆ ಸಾಕು. ಯಾವ ಭಾಗ ಎಲ್ಲಿದೆ ಎಂದು ಹುಡುಕುವುದಕ್ಕೂ ಸಾಕು. ಅಡ್ಡಪರಿಣಾಮಕ್ಕೆ ಇದೊಂದನ್ನೇ ನಂಬಬೇಡಿ.

ಎರಡನೇ ದಾರಿ: ಫೋಟೋದಿಂದ ಅಕ್ಷರ ಎತ್ತಿ, ಆಮೇಲೆ ಅನುವಾದ

ಇದರಲ್ಲಿ ಸ್ವಲ್ಪ ಕೆಲಸ ಜಾಸ್ತಿ, ಫಲವೂ ಜಾಸ್ತಿ. ಫೋಟೋ ತೆಗೆದು, ಲೆನ್ಸ್‌ನಲ್ಲಿ ಅಕ್ಷರಗಳನ್ನು ಆರಿಸಿ ಕಾಪಿ ಮಾಡಿ, ಒಂದೊಂದೇ ಪ್ಯಾರಾ ಅನುವಾದದ ಪೆಟ್ಟಿಗೆಗೆ ಹಾಕುವುದು. ವಾಕ್ಯ ಪೂರ್ತಿ ಹೋಗುವುದರಿಂದ ಅನುವಾದ ನೆಟ್ಟಗೆ ಬರುತ್ತದೆ.

ಎಲ್ಲಕ್ಕೂ ಬುಡ ಫೋಟೋ. ಚೀಟಿಯ ಕಾಗದ ತೆಳು, ಹಿಂದಿನ ಮಗ್ಗುಲಿನ ಅಕ್ಷರ ಈಚೆ ಕಾಣುತ್ತದೆ. ಬಿಳಿ ಮೇಜಿನ ಮೇಲೆ ಇಟ್ಟರೆ ಅದು ಇನ್ನೂ ಎದ್ದು ಕಾಣುತ್ತದೆ. ಚೀಟಿಯ ಕೆಳಗೆ ಕಪ್ಪು ಕಾಗದವನ್ನೋ ಕಪ್ಪು ಬಟ್ಟೆಯನ್ನೋ ಹಾಸಿ, ಹಿಂದಿನ ಅಕ್ಷರ ಮಾಯವಾಗುತ್ತದೆ. ಮಡಿಕೆಗಳನ್ನು ಕೈಯಿಂದ ಒತ್ತಿ ನೇರ ಮಾಡಿ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ಎರಡು ಮೂರು ಕಾಲಂ ಇದ್ದರೆ ಒಂದು ಫೋಟೋಗೆ ಒಂದೇ ಕಾಲಂ. ಇಲ್ಲದಿದ್ದರೆ ಎಡಗಡೆ ಸಾಲಿಗೆ ಬಲಗಡೆ ಸಾಲು ಅಂಟಿಕೊಂಡು ಹೊಸದೇ ವಾಕ್ಯ ಹುಟ್ಟುತ್ತದೆ. ಫೋಟೋವನ್ನು ಬೇರೆಯವರಿಗೆ ವಾಟ್ಸಾಪ್ ಮಾಡುವುದಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಅಕ್ಷರ ಮಸುಕಾಗುವುದಿಲ್ಲ. ಡಬ್ಬಿಯ ಮೇಲೆ ರೋಗಿಯ ಹೆಸರಿನ ಲೇಬಲ್ ಇದ್ದರೆ ಅದನ್ನು ಮುಚ್ಚಿ ತೆಗೆಯಿರಿ.

ಅಕ್ಷರ ಕಾಪಿಯಾದ ಮೇಲೆ ಅನುವಾದಕ್ಕೆ ಮುಂಚೆ ಒಮ್ಮೆ ಕಣ್ಣಾಡಿಸಬೇಕು. ಜರ್ಮನ್ ಪದಗಳು ಉದ್ದ, ಸಾಲಿನ ತುದಿಯಲ್ಲಿ ಅಡ್ಡಗೆರೆ ಹಾಕಿ ಮುರಿದಿರುತ್ತಾರೆ. ಆ ಗೆರೆ ತೆಗೆದು ಪದ ಕೂಡಿಸಿ. ಮೈಕ್ರೋಗ್ರಾಂ ಗುರುತಾದ µg ಅನ್ನು ಫೋನು mg ಎಂದು ಓದಿದರೆ ಅಳತೆ ಸಾವಿರ ಪಟ್ಟು ತಪ್ಪುತ್ತದೆ. ಥೈರಾಯ್ಡ್ ಗುಳಿಗೆಗಳ ಅಳತೆ ಮೈಕ್ರೋಗ್ರಾಂನಲ್ಲೇ ಇರುವುದರಿಂದ ಅಲ್ಲಿ ಇದನ್ನು ನೋಡಲೇಬೇಕು. ಅಂಕಿ ಬರೆಯುವ ರೀತಿಯೂ ಬೇರೆ. ಜರ್ಮನಿಯಲ್ಲಿ 0,5 ಅಂದರೆ ನಮ್ಮ 0.5, ಅಂದರೆ ಅರ್ಧ. 1.000 ಅಂದರೆ ಸಾವಿರ, ಒಂದಲ್ಲ.

ಈ ಸಾವಿರದ ಮಾತು ಅಡ್ಡಪರಿಣಾಮದ ಭಾಗದಲ್ಲಿ ನೇರವಾಗಿ ಬರುತ್ತದೆ. ಅಲ್ಲಿ ಪ್ರತಿ ತೊಂದರೆಯನ್ನೂ ಅದು ಎಷ್ಟು ಜನರಿಗೆ ಆಗಬಹುದು ಎಂಬ ಗುಂಪಿನ ಕೆಳಗೆ ಬರೆದಿರುತ್ತಾರೆ. "ಬಹಳ ಸಾಮಾನ್ಯ" ಅಂದರೆ 10 ಜನರಲ್ಲಿ ಒಬ್ಬರಿಗಿಂತ ಹೆಚ್ಚು. "ಸಾಮಾನ್ಯ" ಅಂದರೆ 10ರಲ್ಲಿ ಒಬ್ಬರವರೆಗೆ. ಅಲ್ಲಿಂದ ಕೆಳಗೆ 100ರಲ್ಲಿ, 1,000ದಲ್ಲಿ, 10,000ದಲ್ಲಿ ಒಬ್ಬರವರೆಗೆ ಎಂದು ಇಳಿಯುತ್ತಾ ಹೋಗುತ್ತದೆ. ಕೊನೆಯ ಗುಂಪು "ಗೊತ್ತಿಲ್ಲ". ಅಂದರೆ ಎಷ್ಟು ಜನರಿಗೆ ಆಗುತ್ತದೆ ಎಂದು ಇರುವ ಮಾಹಿತಿಯಿಂದ ಲೆಕ್ಕ ಹಾಕಲಾಗಿಲ್ಲ. ಅದನ್ನು "ಅಪರೂಪ" ಎಂದು ಓದಿಕೊಳ್ಳಬಾರದು. ಗುಂಪಿನ ಹೆಸರು ಯಂತ್ರಕ್ಕೆ ಹೇಗೇ ಅನುವಾದವಾಗಲಿ, ನೀವು ಪಕ್ಕದ ಅಂಕಿಯನ್ನು ನೋಡಿ. ಪದಕ್ಕಿಂತ ಅಂಕಿ ಗಟ್ಟಿ.

ಜರ್ಮನ್‌ನಿಂದ ನೇರ ಕನ್ನಡಕ್ಕೋ, ಇಂಗ್ಲಿಷಿಗೋ? ಮನೆಯಲ್ಲಿ ಕಾಲೇಜು ಓದುವ ಹುಡುಗಿಯೋ ಹುಡುಗನೋ ಇದ್ದರೆ ಮೊದಲು ಇಂಗ್ಲಿಷಿಗೆ ಮಾಡಿ ಎನ್ನುತ್ತೇನೆ. ಈ ಎರಡು ಭಾಷೆಗಳ ನಡುವಿನ ಯಂತ್ರಾನುವಾದ ಬಹಳ ಪಳಗಿದೆ, ನೇರ ಕನ್ನಡದಲ್ಲಿ ಉದ್ದ ವಾಕ್ಯ ಸಿಕ್ಕುಸಿಕ್ಕಾಗುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಇಂಗ್ಲಿಷಿನಲ್ಲಿ ಅರ್ಥ ಮಾಡಿಕೊಂಡು, ಹಿರಿಯರಿಗೆ ಬಾಯಲ್ಲಿ ನಮ್ಮ ಮಾತಿನಲ್ಲೇ ಹೇಳಲಿ. ಇಂಗ್ಲಿಷ್ ಓದುವವರು ಯಾರೂ ಇಲ್ಲದಿದ್ದರೆ ನೇರ ಕನ್ನಡಕ್ಕೇ ಹಾಕಿ, ಆದರೆ ಒಂದು ಸಲಕ್ಕೆ ಒಂದೇ ವಾಕ್ಯ.

ಮುಗಿದ ಮೇಲೆ ಪರೀಕ್ಷೆ ಸುಲಭ. ಮೂಲದ ಪಟ್ಟಿಯಲ್ಲಿ ಎಷ್ಟು ಚುಕ್ಕಿ ಇವೆ ಎಣಿಸಿ, ಅನುವಾದದಲ್ಲೂ ಅಷ್ಟೇ ಇರಬೇಕು. ಅಂಕಿಗಳನ್ನು ಒಂದೊಂದಾಗಿ ಜೋಡಿಸಿ ನೋಡಿ. ಒಂದು ಚುಕ್ಕಿ ಕಮ್ಮಿ ಬಂದರೆ ಫೋಟೋದ ಮಡಿಕೆಯಲ್ಲಿ ಒಂದು ಸಾಲು ನುಂಗಿಹೋಗಿದೆ ಎಂದರ್ಥ, ಮತ್ತೆ ತೆಗೆಯಿರಿ.

ಮೂರನೇ ದಾರಿ: ಅನುವಾದವನ್ನೇ ಬಿಟ್ಟು, ಇಂಗ್ಲಿಷ್ ಚೀಟಿ ಹುಡುಕುವುದು

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಈ ದಾರಿಯಲ್ಲಿ. ಆದರೆ ಇದನ್ನು ಬಳಸುವವರು ತೀರ ಕಮ್ಮಿ.

ಡಬ್ಬಿಯ ಮೇಲೆ ಕಂಪನಿಯ ಹೆಸರು ದಪ್ಪಗೆ ಇದ್ದರೆ, ಹತ್ತಿರದಲ್ಲೇ ಔಷಧದ ನಿಜ ಹೆಸರು ಇರುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ ಅದನ್ನು "ಸಾಲ್ಟ್" ಅಂತೀವಿ. ಜರ್ಮನ್ ಚೀಟಿಯಲ್ಲಿ Wirkstoff ಎಂಬ ಪದದ ಪಕ್ಕ ಅದು ಸಿಗುತ್ತದೆ. ಅದನ್ನು ಬರೆದುಕೊಂಡ ಮೇಲೆ ಡಬ್ಬಿಯನ್ನು ತಿರುಗಿಸಿ, EU/1/ ಎಂದು ಶುರುವಾಗುವ ನಂಬರು ಇದೆಯೇ ನೋಡಿ. ಇದ್ದರೆ ನಿಮ್ಮ ಅದೃಷ್ಟ. ಆ ಔಷಧಕ್ಕೆ ಇಡೀ ಯುರೋಪ್ ಒಕ್ಕೂಟಕ್ಕೆ ಒಂದೇ ಪರವಾನಗಿ ಸಿಕ್ಕಿದೆ ಎಂದರ್ಥ. ಯುರೋಪಿನ ಔಷಧ ಸಂಸ್ಥೆಯ ತಾಣ ema.europa.eu ದಲ್ಲಿ ಅದೇ ಔಷಧದ ಅದೇ ಚೀಟಿ ಇಂಗ್ಲಿಷಿನಲ್ಲೂ ಇರುತ್ತದೆ. ಅದು ಯಂತ್ರದ ಅನುವಾದ ಅಲ್ಲ, ಅಧಿಕೃತ ಪಾಠ. ಇನ್ಸುಲಿನ್‌ನ ಎಷ್ಟೋ ಬ್ರ್ಯಾಂಡುಗಳು, ಹೊಸ ಕ್ಯಾನ್ಸರ್ ಔಷಧಗಳು ಈ ಗುಂಪಿನವು. ಅಂಥ ಡಬ್ಬಿಗೆ ಮೊದಲೆರಡು ದಾರಿಯ ಗೋಜೇ ಬೇಡ.

ನಮ್ಮ ಹಿರಿಯರ ಐಬುಪ್ರೊಫೆನ್ ಈ ಗುಂಪಿನದಲ್ಲ. ಅದು ಹಳೆಯ ಔಷಧ, ಎಷ್ಟೋ ಕಂಪನಿಗಳು ಮಾಡುತ್ತವೆ, ಪರವಾನಗಿ ಜರ್ಮನಿಯದೇ. ಆಗ ಬ್ರಿಟನ್ನಿನ medicines.org.uk ಅಥವಾ ಅಮೆರಿಕದ dailymed.nlm.nih.gov ದಲ್ಲಿ ಸಾಲ್ಟ್ ಹೆಸರು, ಅಳತೆ, ಗುಳಿಗೆಯೋ ಸಿರಪ್ಪೋ ಎಂಬುದನ್ನು ಕೊಟ್ಟು ಹುಡುಕಿ. ಸಾಮಾನ್ಯ ಜನರಿಗಾಗಿ ಬರೆದ ಇಂಗ್ಲಿಷ್ ಚೀಟಿ ಸಿಗುತ್ತದೆ. ಬ್ರಿಟನ್ನಿನದು ನಮಗೆ ಹೆಚ್ಚು ಅನುಕೂಲ. ಅಲ್ಲಿನ ಚೀಟಿಯೂ ಅದೇ ಆರು ಭಾಗದ ಅಚ್ಚಿನದು, ಜರ್ಮನ್ ಚೀಟಿಯ ಪಕ್ಕ ಇಟ್ಟು ಓದಬಹುದು. ಅಮೆರಿಕದಲ್ಲಿ ಕೆಲವು ಔಷಧಗಳ ಹೆಸರೇ ಬೇರೆ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್.

ಇದಕ್ಕೂ ಮಿತಿ ಇದೆ, ಅದು ನಮ್ಮ ಎರಡನೇ ಪ್ರಶ್ನೆಗೆ ತಾಕುವ ಮಿತಿ. ಸಾಲ್ಟ್ ಒಂದೇ ಆದರೆ ಅಡ್ಡಪರಿಣಾಮ, ತಾಕಲಾಟ ಹೆಚ್ಚುಕಮ್ಮಿ ಒಂದೇ. ಆದರೆ ಇಡುವ ರೀತಿ ಹಾಗಲ್ಲ. ಅದು ಆ ಕಂಪನಿ ಗುಳಿಗೆಗೆ ಏನೇನು ಬೆರೆಸಿದೆ, ಯಾವ ಥರದ ಸ್ಟ್ರಿಪ್ಪಿನಲ್ಲಿ ಹಾಕಿದೆ, ಎಷ್ಟು ಬಿಸಿಯಲ್ಲಿ ಪರೀಕ್ಷೆ ಮಾಡಿದೆ ಎಂಬುದರ ಮೇಲೆ ನಿಂತಿದೆ. ಒಂದು ಕಂಪನಿಯ ಗುಳಿಗೆ 30 ಡಿಗ್ರಿಯವರೆಗೆ ನಡೆದರೆ ಇನ್ನೊಂದರದು 25ಕ್ಕೇ ನಿಲ್ಲಬಹುದು. ಬೆರೆಸಿದ ಪದಾರ್ಥವೂ ಬೇರೆ. ಯಾರಿಗಾದರೂ ಲ್ಯಾಕ್ಟೋಸ್ ಆಗಿಬರದಿದ್ದರೆ ಬೇರೆ ಕಂಪನಿಯ ಚೀಟಿ ನೋಡಿ ಧೈರ್ಯ ಪಡುವಂತಿಲ್ಲ. 5 ಮತ್ತು 6ನೇ ಭಾಗಗಳನ್ನು ನಿಮ್ಮ ಡಬ್ಬಿಯ ಚೀಟಿಯಿಂದಲೇ ಓದಬೇಕು.

ನಾಲ್ಕನೇ ದಾರಿ: ತಿಳಿದವರ ಕಣ್ಣು

ಇದರಲ್ಲಿ ಎರಡು ಥರದವರಿದ್ದಾರೆ. ಭಾಷೆ ಬಲ್ಲವರು ಮತ್ತು ಔಷಧ ಬಲ್ಲವರು. ದುಡ್ಡು ಕೊಟ್ಟು ಅನುವಾದ ಮಾಡಿಸುವ ಏಜೆನ್ಸಿಗಳು ದೊಡ್ಡ ಊರುಗಳಲ್ಲಿವೆ. ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್ ಥರದ ಕಾಗದಕ್ಕೆ ಅವರು ಬೇಕು. ಔಷಧದ ಚೀಟಿಗೆ ಆ ಖರ್ಚು ನನಗೆ ಸರಿ ಕಾಣುವುದಿಲ್ಲ. ಅಣ್ಣನ ಮಗನಿಗೇ ವಿಡಿಯೋ ಕಾಲ್ ಮಾಡಿ ಓದಿಸಬಹುದು, ಅನುಮಾನ ಬಂದ ಒಂದು ಸಾಲಿಗೆ ಅದು ಬಹಳ ಒಳ್ಳೆಯದು. ಆದರೆ ಓದಿ ಹೇಳುವವನಿಗೆ ಚಿಕ್ಕಪ್ಪ ಯಾವ ಯಾವ ಗುಳಿಗೆ ನುಂಗುತ್ತಾರೆ ಎಂಬುದು ಗೊತ್ತಿರುವುದಿಲ್ಲವಲ್ಲ.

ತಾಕಲಾಟದ ಭಾಗದಲ್ಲಿ ತೊಡಕು ಇರುವುದೇ ಅಲ್ಲಿ. ಅನುವಾದ ನೂರಕ್ಕೆ ನೂರು ಸರಿ ಬಂದರೂ ಕೆಲಸ ಮುಗಿಯುವುದಿಲ್ಲ. ನಮ್ಮ ಉದಾಹರಣೆಯನ್ನೇ ಹಿಡಿಯಿರಿ. ಐಬುಪ್ರೊಫೆನ್ ಚೀಟಿಯ 2ನೇ ಭಾಗದಲ್ಲಿ "ನೀರು ಹೊರಹಾಕುವ ಔಷಧಗಳು", "ಆಂಜಿಯೋಟೆನ್ಸಿನ್ 2 ತಡೆಯುವ ಔಷಧಗಳು", "ಅಸಿಟೈಲ್ ಸ್ಯಾಲಿಸಿಲಿಕ್ ಆ್ಯಸಿಡ್" ಎಂದು ಬರೆದಿರುತ್ತದೆ. ಮನೆಯವರು ಅದರಲ್ಲಿ ಟೆಲ್ಮಿಸಾರ್ಟಾನ್ ಹುಡುಕುತ್ತಾರೆ, ಸಿಗುವುದಿಲ್ಲ. ಆಸ್ಪಿರಿನ್ ಹುಡುಕುತ್ತಾರೆ, ಅದೂ ಸಿಗದೆ ಇರಬಹುದು. ಏನೂ ತೊಂದರೆ ಇಲ್ಲ ಅಂದುಕೊಳ್ಳುತ್ತಾರೆ. ಆದರೆ ಟೆಲ್ಮಿಸಾರ್ಟಾನ್ ಆಂಜಿಯೋಟೆನ್ಸಿನ್ ತಡೆಯುವ ಗುಂಪಿನದು. ಹೈಡ್ರೋಕ್ಲೋರೋಥಯಜೈಡ್ ನೀರು ಹೊರಹಾಕುವ ಗುಂಪಿನದು. ಅಸಿಟೈಲ್ ಸ್ಯಾಲಿಸಿಲಿಕ್ ಆ್ಯಸಿಡ್ ಅಂದರೆ ಆಸ್ಪಿರಿನ್ನೇ. ಹಿರಿಯರ ಎರಡು ಗುಳಿಗೆಯಲ್ಲಿರುವ ಮೂರೂ ಸಾಲ್ಟು ಆ ಪಟ್ಟಿಯಲ್ಲಿವೆ, ಬೇರೆ ಹೆಸರಲ್ಲಿ.

ಹಾಗಾದರೆ ಏನಾಗುತ್ತದೆ? ಐಬುಪ್ರೊಫೆನ್ ಕಿಡ್ನಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತದೆ, ಬಿಪಿ ಗುಳಿಗೆಯ ಬಲವನ್ನೂ ತಗ್ಗಿಸುತ್ತದೆ. ಬಿಪಿಯ ಆ ಎರಡು ಸಾಲ್ಟಿನ ಜೊತೆ ಇದು ಸೇರಿದರೆ ಕಿಡ್ನಿಗೆ ಹಠಾತ್ ಪೆಟ್ಟು ಬೀಳುವ ಅಪಾಯ ಇದೆ. ಮೈಯಲ್ಲಿ ನೀರು ಕಮ್ಮಿಯಾದಾಗ ಅದು ಇನ್ನೂ ಹೆಚ್ಚು. ಏಪ್ರಿಲ್ ಬಿಸಿಲಲ್ಲಿ ಹೊಲಕ್ಕೆ ಹೋಗಿ ಬರುವ 68ರ ಹಿರಿಯರಿಗೆ ಇದು ದೂರದ ಮಾತಲ್ಲ. ಆಸ್ಪಿರಿನ್ ಜೊತೆಗೆ ಹೊಟ್ಟೆಯಲ್ಲಿ ರಕ್ತ ಸೋರುವ ಸಾಧ್ಯತೆ ಹೆಚ್ಚುತ್ತದೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನಿನ ಕೆಲಸವನ್ನೂ ಐಬುಪ್ರೊಫೆನ್ ತಡೆಯಬಹುದು.

ಇದನ್ನು ಫಾರ್ಮಸಿಸ್ಟ್ ನಿಂತಲ್ಲೇ ಹಿಡಿಯುತ್ತಾರೆ. "ಇವ್ರಿಗೆ ಬಿಪಿ ಗುಳಿಗಿ ಅದಾವೇನ್ರಿ? ರಕ್ತ ತೆಳು ಮಾಡೋದು ಏನರ ತಗೊಂತಾರೇನು?" ಎಂಬುದೇ ಮೊದಲ ಪ್ರಶ್ನೆ. ಹೋಗುವಾಗ ಬರೀ ಚೀಟಿಯ ಫೋಟೋ ಒಯ್ಯಬೇಡಿ. ಡಬ್ಬಿ, ಮನೆಯಲ್ಲಿರುವ ಎಲ್ಲಾ ಗುಳಿಗೆಗಳ ಸ್ಟ್ರಿಪ್ಪುಗಳು, ಸಕ್ಕರೆ ಕಾಯಿಲೆಯ ಗುಳಿಗೆ ಇದ್ದರೆ ಅದೂ, ಆಯುರ್ವೇದದ ಪುಡಿ ಇದ್ದರೆ ಅದೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಸ್ಟ್ರಿಪ್ ಕತ್ತರಿಸಿ ಇಟ್ಟಿದ್ದರೆ ಸಾಲ್ಟ್ ಹೆಸರಿರುವ ತುಂಡನ್ನು ಹುಡುಕಿ ತನ್ನಿ. ಅಂಗಡಿಯಲ್ಲಿ ಜನ ಜಾಸ್ತಿ ಇರುವ ಸಂಜೆ ಹೊತ್ತು ಬೇಡ, ಮಧ್ಯಾಹ್ನ ಹೋಗಿ. ಕೌಂಟರಿನಲ್ಲಿರುವ ಹುಡುಗನನ್ನಲ್ಲ, ಫಾರ್ಮಸಿಸ್ಟ್ ಯಾರು ಎಂದು ಕೇಳಿ ಅವರ ಹತ್ತಿರವೇ ಮಾತಾಡಿ. ರಾಯಚೂರಿನ ರಿಮ್ಸ್, ಬಳ್ಳಾರಿ ಮತ್ತು ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ತೋರಿಸಲು ಹೋಗುವವರು ಒಪಿಡಿಯಲ್ಲಿ ಡಾಕ್ಟರಿಗೇ ಆ ಚೀಲ ತೋರಿಸಬಹುದು.

ಜರ್ಮನ್ ಚೀಟಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟರೆ ಅವರಿಗೂ ಓದಲಾಗುವುದಿಲ್ಲ. ಮೂರನೇ ದಾರಿಯಲ್ಲಿ ಸಿಕ್ಕ ಇಂಗ್ಲಿಷ್ ಚೀಟಿ ಫೋನಿನಲ್ಲಿ ಇದ್ದರೆ, ಸಾಲ್ಟ್ ಹೆಸರೂ ಅಳತೆಯೂ ಒಂದು ಕಾಗದದ ಮೇಲೆ ಬರೆದಿದ್ದರೆ, ಅವರ ಕೆಲಸ ಬೇಗ ಆಗುತ್ತದೆ.

ಯಾರಿಗೆ ಯಾವುದು

ಬರೀ ಇಡುವ ರೀತಿ ತಿಳಿಯಬೇಕಾದವರಿಗೆ ಕ್ಯಾಮೆರಾ ಸಾಕು. ಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದಿದ್ದರೆ, ಊರಲ್ಲಿ ವೈಫೈ ಸಿಕ್ಕಾಗಲೇ ಟ್ರಾನ್ಸ್‌ಲೇಟ್ ಆ್ಯಪಿನಲ್ಲಿ ಜರ್ಮನ್, ಕನ್ನಡ ಎರಡನ್ನೂ ಇಳಿಸಿಟ್ಟುಕೊಳ್ಳಿ. ನೆಟ್ ಇಲ್ಲದಾಗಿನ ಅನುವಾದ ಸ್ವಲ್ಪ ಒರಟು, ಚಿಕ್ಕ ವಾಕ್ಯಕ್ಕೆ ಮಾತ್ರ ನಡೆಯುತ್ತದೆ.

ಬೇರೆ ಯಾವ ಗುಳಿಗೆಯೂ ಇಲ್ಲದ, ಗಟ್ಟಿಮುಟ್ಟಾದ ವಯಸ್ಕರು ಅಡ್ಡಪರಿಣಾಮ ತಿಳಿಯಬೇಕಾದರೆ ಮೂರನೇ ದಾರಿ. ಇಂಗ್ಲಿಷ್ ಚೀಟಿ ಸಿಗದಿದ್ದರೆ ಮಾತ್ರ ಎರಡನೆಯದು. ದಿನಾ ಒಂದಾದರೂ ಗುಳಿಗೆ ನುಂಗುವವರು, ಬಸುರಿಯರು, ಎದೆಹಾಲು ಕೊಡುವವರು, ಚಿಕ್ಕ ಮಕ್ಕಳು, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರ ವಿಷಯಕ್ಕೆ ಬಂದರೆ ನಾಲ್ಕನೇ ದಾರಿ ಬಿಟ್ಟು ಬೇರೆ ಇಲ್ಲ. ಅಲ್ಲಿ ತೋರಿಸುವವರೆಗೆ ಡಬ್ಬಿ ಮುಚ್ಚಿಯೇ ಇರಲಿ. ನಮ್ಮ ಸಿಂಧನೂರಿನ ಹಿರಿಯರು ಈ ಗುಂಪಿನವರೇ. ಅವರ ಮಂಡಿನೋವಿಗೆ ಬಿಪಿ ಗುಳಿಗೆಗೆ ತಾಕದ ಬೇರೆ ಔಷಧವನ್ನು ಡಾಕ್ಟರು ಇಲ್ಲೇ ಬರೆದುಕೊಡಬಹುದು.

ಇಡುವ ರೀತಿಯ ಬಗ್ಗೆ ನಮ್ಮ ಕಡೆಯವರಿಗೇ ಹೇಳಬೇಕಾದ ಮಾತು ಇನ್ನೂ ಇದೆ. ಯುರೋಪಿನಲ್ಲಿ 25 ಡಿಗ್ರಿ ಅಂದರೆ ಮನೆಯೊಳಗಿನ ಸಾಮಾನ್ಯ ಹವೆ. ನಮ್ಮಲ್ಲಿ ಬೇಸಿಗೆಯಲ್ಲಿ ಹೊರಗೆ 40 ದಾಟುತ್ತದೆ, ತಗಡಿನ ಮನೆಯೊಳಗೆ ರಾತ್ರಿಯೂ 25ಕ್ಕೆ ಇಳಿಯುವುದಿಲ್ಲ. ಅನುವಾದ ಸರಿಯಾಗಿದ್ದರೂ ಆ ಸಾಲನ್ನು ಪಾಲಿಸಲು ಆಗುವುದಿಲ್ಲ. ಹಾಗಂತ ಎಲ್ಲವನ್ನೂ ಫ್ರಿಜ್ಜಿಗೆ ತುರುಕುವುದೂ ಸರಿಯಲ್ಲ. ಚೀಟಿಯಲ್ಲಿ 2 ರಿಂದ 8 ಡಿಗ್ರಿ ಎಂದು ಬರೆದಿದ್ದರೆ ಅದು ಫ್ರಿಜ್ಜಿನ ಔಷಧ. ಅಂಥದ್ದನ್ನು ಫ್ರೀಜರಿನ ಹತ್ತಿರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾಗುತ್ತದೆ. ಹಾಗೆ ಬರೆಯದ ಗುಳಿಗೆಯನ್ನು ಫ್ರಿಜ್ಜಿನಿಂದ ದಿನಾ ತೆಗೆದು ಇಟ್ಟು ಮಾಡಿದರೆ ತೇವ ಹಿಡಿಯುತ್ತದೆ. ಅದಕ್ಕೆ ಮನೆಯ ತಂಪಾದ ಕೋಣೆ, ನೆಲಕ್ಕೆ ಹತ್ತಿರದ ಕಪಾಟು, ಡಬ್ಬಿಯ ಸಮೇತ. ಅಡುಗೆಮನೆ, ಟಿವಿ ಮೇಲೆ, ಕಿಟಕಿ ಹಲಗೆ ಬೇಡ. "ವಿಶೇಷ ಎಚ್ಚರಿಕೆ ಬೇಕಿಲ್ಲ" ಎಂದು ಚೀಟಿ ಹೇಳಿದ್ದರೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಇದೇ ಸಾಲ್ಟಿನ ನಮ್ಮ ದೇಶದ ಗುಳಿಗೆಯ ಸ್ಟ್ರಿಪ್ಪಿನ ಮೇಲೆ ಎಷ್ಟೋ ಸಲ 30 ಡಿಗ್ರಿಯವರೆಗೆ ಎಂದಿರುತ್ತದೆ. ಬೇಸಿಗೆಗೆ ಅದೇ ಮೇಲು.

ಡಬ್ಬಿಯ ಮೇಲೆ Verwendbar bis ಎಂದು ಇರುವುದು ಕೊನೆಯ ತಾರೀಖು. ತಿಂಗಳು ಮಾತ್ರ ಇದ್ದರೆ ಆ ತಿಂಗಳ ಕಡೆಯ ದಿನದವರೆಗೆ ಎಂದು ಲೆಕ್ಕ. ಕಣ್ಣಿನ ಹನಿ, ಸಿರಪ್ ಆಗಿದ್ದರೆ ಬಾಟಲಿ ತೆರೆದ ಮೇಲೆ ಎಷ್ಟು ವಾರ ನಡೆಯುತ್ತದೆ ಎಂದು 5ನೇ ಭಾಗದಲ್ಲಿ ಬೇರೆಯೇ ಬರೆದಿರುತ್ತಾರೆ. ತೆರೆದ ದಿನವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ.

ಗುಳಿಗೆ ಈಗಾಗಲೇ ನುಂಗಿ ಆಗಿದೆ, ಏನೋ ತೊಂದರೆ ಶುರುವಾಗಿದೆ ಅಂದರೆ ಅನುವಾದ ಮಾಡುತ್ತಾ ಕೂರಬೇಡಿ. ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ, ಮಲ ಡಾಂಬರಿನಂತೆ ಕಪ್ಪಾದರೆ ಡಬ್ಬಿ ಸಮೇತ ಆಸ್ಪತ್ರೆಗೆ ನಡೆಯಿರಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಆಮೇಲೆ ಆ ಅಡ್ಡಪರಿಣಾಮವನ್ನು ವರದಿ ಮಾಡಲು ದೇಶದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024 ಇದೆ. ಕೆಲಸದ ದಿನಗಳಲ್ಲಿ ಹಗಲು ಹೊತ್ತು ಕರೆ ಮಾಡಬಹುದು. ಆಗ ಸಾಲ್ಟ್ ಹೆಸರು, ಅಳತೆ, ಬ್ಯಾಚ್ ನಂಬರು ಕೇಳುತ್ತಾರೆ. ಜರ್ಮನ್ ಡಬ್ಬಿಯಲ್ಲಿ ಬ್ಯಾಚ್ ನಂಬರು Ch.-B. ಎಂಬುದರ ಮುಂದೆ ಇರುತ್ತದೆ.